ಎಂಟನೆಯ ಪುಟ ಖಾಲಿ ಇರಲಿ

ನಾನು ಕಲಿತ ಶಾಲೆಯಲ್ಲಿ ಬೆಳಗಿನ ಮೂರು ತಾಸು ಮರಾಠಿಯಲ್ಲಿಯೂ ಮಧ್ಯಾಹ್ನದ ಎರಡು ತಾಸು ಕನ್ನಡದಲ್ಲಿಯೂ ಪಾಠ ನಡೆಯುತ್ತಿತ್ತು. ಮರಾಠಿಯ ಗುರುಗಳು ವಹಿಯನ್ನು ತೆರೆದ ಕೂಡಲೇ ಹೇಳುತ್ತಿದ್ದ ಮೊದಲ ಮಾತು ‘ಸಮಾಸ ಸೋಡಾ’ ಎಂಬುದು. ಪುಟದ ಬದಿಗೆ ಒಂದಿಷ್ಟು ಜಾಗ ಬಿಟ್ಟು ಬರೆಯಿರಿ ಎಂದು ಅದರ ಅರ್ಥ. ಮಧ್ಯಾಹ್ನ ಕನ್ನಡದ ಗುರುಗಳು ‘ಸಮಾಸ ಬಿಡಿಸಿರಿ’ ಎನ್ನುವರು. ಅಲ್ಲಿ ಸಮಾಸವೆಂದರೆ ಎರಡು ಪದಗಳು ಕೂಡಿ ಒಂದಾಗುವ ಬಗೆ. ಒಂದೇ ಶಬ್ದಕ್ಕೆ ಒಂದು ಭಾಷೆಯಲ್ಲಿ ಅಂಚು, ಇನ್ನೊಂದರಲ್ಲಿ ಕೂಡುವಿಕೆ ಎಂಬ ಎರಡು ಅರ್ಥಗಳಿರುವುದು ಆಗ ನಮಗೆ ಬರೀ ನಗೆಯ ವಿಷಯವಾಗಿತ್ತು. ಪುಸ್ತಕದ ಒಳ ಅಂಚಿನ ವಿಷಯದಲ್ಲಿ ಆ ಎರಡು ಅರ್ಥಗಳೂ ಒಂದೇ ಆಗಿವೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಒಂದು ಪುಸ್ತಕ ಕೆಟ್ಟ ಮೇಲೆ. ಎರಡು ಪುಟಗಳು ಕೂಡುವ ಜಾಗದಲ್ಲಿ ಅಂಚು ಸರಿಯಾಗಿರದಿದ್ದರೆ ಆ ಪುಟಗಳು ಕೂಡುವುದಿಲ್ಲ, ಒಂದನ್ನೊಂದು ನುಂಗುತ್ತವೆ.

ಆ ಪುಸ್ತಕದ ಕಥೆಯನ್ನು ಮೊದಲು ಹೇಳುತ್ತೇನೆ. ನನ್ನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಊರು ಮತ್ತು ಸುತ್ತಲಿನ ಹಳ್ಳಿಗಳ ಕೃಷಿ, ಕುಲಕಸುಬು, ಅಡಿಗೆ, ಹಬ್ಬಗಳನ್ನು ಕುರಿತು ಲೇಖನಗಳನ್ನು ಬರೆದಿದ್ದರು. ಪುಸ್ತಕದ ಕೊನೆಗೆ ಒಂದು ಪದಕೋಶವಿತ್ತು. ಗಡಿಯ ಈಚೆ ಮರಾಠಿಯ ನಡುವೆ ಬಾಳಿದ ನಮ್ಮ ಕನ್ನಡದಲ್ಲಿ ಮಾತ್ರ ಉಳಿದಿರುವ, ದೊಡ್ಡ ನಿಘಂಟುಗಳಲ್ಲಿ ಅವರಿಗೆ ಸಿಗದ ಪದಗಳನ್ನು ಮುದುಕಿಯರ ಬಾಯಿಂದ ಕೇಳಿ ಬರೆದುಕೊಂಡಿದ್ದರು. ಪ್ರಕಾಶಕರು ಯಾರೂ ಒಪ್ಪದ್ದರಿಂದ ತಾವೇ ಹಣ ಹಾಕಿ ಮುನ್ನೂರು ಪ್ರತಿ ಮುದ್ರಿಸಲು ನಿಶ್ಚಯಿಸಿದರು. ಅಳತೆ ನಮ್ಮ ಪುಸ್ತಕಗಳ ವಾಡಿಕೆಯ 1/8 ಡೆಮಿ, ಎಂದರೆ ಕತ್ತರಿಸಿದ ಮೇಲೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮಿಲಿಮೀಟರಿನಲ್ಲಿ ಹೇಳುವುದಾದರೆ ಸುಮಾರು 140 ಮತ್ತು 216.

ಗಣಕದಲ್ಲಿ ತಾವೇ ಅಕ್ಷರ ಜೋಡಿಸಿದ್ದರು. ಒಳ ಅಂಚು 18 ಮಿ.ಮೀ., ಹೊರ ಅಂಚು 12 ಮಿ.ಮೀ., ನಡುವೆ ಸಾಲಿನ ಅಗಲ 110 ಮಿ.ಮೀ. ಇಟ್ಟಿದ್ದರು. ಲೇಖನಗಳೂ ಪದಕೋಶವೂ ಸೇರಿ 132 ಪುಟ. ಮೊದಲಿಗೆ ಶೀರ್ಷಿಕೆ, ಮುದ್ರಣ ವಿವರ, ಅರ್ಪಣೆ, ಪರಿವಿಡಿ ಎಂದು ನಾಲ್ಕು ಪುಟ. ಒಟ್ಟು 136. ಎಲ್ಲವೂ ಸರಿಯಾಗಿತ್ತು. ಆಮೇಲೆ ಮುನ್ನುಡಿ ಬಂತು. ಬರಬೇಕಾದ ದಿನಕ್ಕಿಂತ ಒಂದು ತಿಂಗಳು ತಡವಾಗಿ ಬಂದ ಆ ಮುನ್ನುಡಿಯನ್ನು ಬರೆದವನು ನಾನೇ. ಅದು ಮೂರು ಪುಟವಾಯಿತು. ಮೊದಲ ಭಾಗದ ಪುಟಗಳು ನಾಲ್ಕರಿಂದ ಏಳಕ್ಕೇರಿದವು. ಬಿಡುಗಡೆಯ ದಿನ ಹತ್ತಿರವಿದ್ದುದರಿಂದ ಮೊದಲ ಭಾಗವನ್ನು ಬೇರೆಯೇ ಕಡತದಲ್ಲಿ ಪಿಡಿಎಫ್ ಮಾಡಿ, 132 ಪುಟದ ಪಿಡಿಎಫ್‌ನ ಮುಂದೆ ಅಂಟಿಸಿದರು. ಒಟ್ಟು 139 ಆಯಿತು. ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು ಎಂದು ಮುದ್ರಣಾಲಯದವರು ಹೇಳಿದ್ದರಿಂದ ಕೊನೆಗೆ ಒಂದು ಖಾಲಿ ಪುಟ ಸೇರಿಸಿದರು. ಫೋನಿನಲ್ಲಿ ನನಗೆ ಸಂತೋಷದಿಂದ ತಿಳಿಸಿದರು: “ಸರ್, ಒಟ್ಟು ನೂರಾ ನಲವತ್ತು ಪುಟ ಆದೂರಿ. ನಾಕರಿಂದ ಭಾಗ ಹೋಗತೈತಿ. ಇನ್ನೇನೂ ಚಿಂತಿಲ್ರಿ.” ನಾನೂ ಚಿಂತಿಸಲಿಲ್ಲ.

ಪುಸ್ತಕ ಬಂತು. ತೆರೆದರೆ ಸಾಲುಗಳ ತುದಿಗಳು ಬೆನ್ನಿನೊಳಗೆ ಇಳಿದುಹೋಗಿದ್ದವು. ಹೊರಬದಿಗೆ ಮಾತ್ರ ಬೇಕಾದುದಕ್ಕಿಂತ ಹೆಚ್ಚು ಬಿಳಿ ಜಾಗ. ಎಡಪುಟದಲ್ಲಿ ಸಾಲಿನ ಕೊನೆಯ ಅಕ್ಷರ, ಬಲಪುಟದಲ್ಲಿ ಸಾಲಿನ ಮೊದಲ ಅಕ್ಷರ ಕಾಣಿಸುತ್ತಿರಲಿಲ್ಲ. ಕನ್ನಡದಲ್ಲಿ ಅರ್ಕಾವೊತ್ತು ಅಕ್ಷರದ ಬಲಕ್ಕೆ ಬರುತ್ತದೆ. ಸಾಲಿನ ಕೊನೆಯಲ್ಲಿ ‘ಕರ್ಮ’ ಎಂದಿದ್ದದ್ದು ಬೆನ್ನಿನ ನೆರಳಲ್ಲಿ ‘ಕಮ’ ಎಂದಾಗಿತ್ತು. ಲೇಖನಗಳಲ್ಲಿ ಓದುಗನು ಸಂದರ್ಭದಿಂದ ಊಹಿಸಿಕೊಂಡಾನು. ಆದರೆ ಪದಕೋಶದಲ್ಲಿ ಮುಖ್ಯಪದ ಬರುವುದು ಸಾಲಿನ ಆರಂಭದಲ್ಲಿಯೇ. ಬಲಪುಟದ ಪದಗಳಿಗೆಲ್ಲ ಮೊದಲ ಅಕ್ಷರವೇ ಇಲ್ಲ. ‘ಅ’ವೋ ‘ಆ’ವೋ, ‘ಒ’ವೋ ‘ಓ’ವೋ ತಿಳಿಯದು. ಬೇರೆಲ್ಲಿಯೂ ದಾಖಲಾಗದ ಪದವೊಂದು ಮೊದಲ ಬಾರಿಗೆ ಅಚ್ಚಾದಾಗ ಅದರ ಮೊದಲಕ್ಷರ ಕಾಣದಿದ್ದರೆ ಓದುಗನು ಅದನ್ನು ಯಾವುದರೊಡನೆ ಹೋಲಿಸಿ ತಿದ್ದಿಕೊಳ್ಳಬೇಕು? ಓದಬೇಕೆಂದವರು ಪುಸ್ತಕವನ್ನು ಎರಡೂ ಕೈಗಳಿಂದ ಒತ್ತಿ ಹಿಗ್ಗಿಸಿದರು. ಪಿನ್ನು ಸಡಿಲವಾಗಿ, ನಮ್ಮ ವಾಚನಾಲಯದ ಪ್ರತಿಯಲ್ಲಿ ಒಂದೇ ವರ್ಷದಲ್ಲಿ ಹಾಳೆಗಳು ಉದುರತೊಡಗಿದವು.

ಆದದ್ದೇನು? ನಿಮ್ಮ ಕೈಯಲ್ಲಿರುವ ಯಾವುದೇ ಪುಸ್ತಕವನ್ನು ತೆರೆದು ನೋಡಿರಿ. ಬಲಬದಿಯ ಪುಟಕ್ಕೆ ಯಾವಾಗಲೂ ಬೆಸಸಂಖ್ಯೆ, ಎಡಬದಿಗೆ ಸರಿಸಂಖ್ಯೆ ಇರುತ್ತದೆ. ಒಂದನೆಯ ಪುಟ ಬಲಕ್ಕೆ, ಅದೇ ಹಾಳೆಯ ಹಿಂಬದಿ ಎರಡನೆಯ ಪುಟ, ಅದು ಎಡಕ್ಕೆ. ಬಲಪುಟದ ಬೆನ್ನು ಅದರ ಎಡಗಡೆ ಇರುತ್ತದೆ, ಎಡಪುಟದ ಬೆನ್ನು ಅದರ ಬಲಗಡೆ ಇರುತ್ತದೆ. ಆದ್ದರಿಂದ ಹಿರಿದಾದ ಅಂಚು ಬಲಪುಟದಲ್ಲಿ ಎಡಕ್ಕೂ ಎಡಪುಟದಲ್ಲಿ ಬಲಕ್ಕೂ ಬರಬೇಕು. ಎದುರುಬದುರಿನ ಎರಡು ಪುಟಗಳು ಕನ್ನಡಿಯಲ್ಲಿನ ಬಿಂಬ ಪ್ರತಿಬಿಂಬಗಳಂತಿರಬೇಕು. ‘ಮಿರರ್ ಮಾರ್ಜಿನ್’ ಎಂಬ ಹೆಸರು ಬಂದದ್ದು ಇದರಿಂದಲೇ. ನಾನು ತರಗತಿಯಲ್ಲಿ ಇದನ್ನು ಕನ್ನಡಿ ಅಂಚು ಎನ್ನುತ್ತೇನೆ. ಬೆನ್ನಿನ ಬದಿಗೆ ಕಟ್ಟುವಿಕೆಗಾಗಿ ಬಿಡುವ ಹೆಚ್ಚಿನ ಜಾಗಕ್ಕೆ ‘ಗಟರ್’ ಎಂದು ಹೆಸರು. ನಮ್ಮ ಕಡೆ ಗಟಾರ ಎಂದರೆ ಊರ ಚರಂಡಿ. ನೀರು ಹೋಗಲು ಚರಂಡಿ ಬೇಕಾದಂತೆ, ಹಾಳೆ ಬಾಗಿ ಇಳಿಯಲು ಇಲ್ಲಿಯೂ ಒಂದು ಓಣಿ ಬೇಕು.

ಲೇಖನ ಭಾಗದ ಕಡತದಲ್ಲಿ ಮೊದಲ ಪುಟ ಬಲಪುಟವೆಂದು ಗಣಕ ತಿಳಿದಿತ್ತು. ಅದಕ್ಕೆ ತಕ್ಕಂತೆ ಎಡಗಡೆಗೆ 18 ಮಿ.ಮೀ. ಬಿಟ್ಟಿತ್ತು. ಆದರೆ ಏಳು ಪುಟಗಳ ಹಿಂದೆ ಅಂಟಿದಾಗ ಅದು ಕಾಗದದ ಮೇಲೆ ಎಂಟನೆಯ ಪುಟವಾಯಿತು, ಎಂದರೆ ಎಡಪುಟವಾಯಿತು. ಅಲ್ಲಿಂದ ಮುಂದೆ 132 ಪುಟಗಳೂ ತಲೆಕೆಳಗು. ಹಿರಿದಾದ ಅಂಚು ಹೊರಗೆ ಹೋಯಿತು, 12 ಮಿ.ಮೀ.ನ ಕಿರಿದಾದ ಅಂಚು ಬೆನ್ನಿಗೆ ಬಂತು. ಪಕ್ಕದ ಪಿನ್ನು ಬೆನ್ನಿನಿಂದ ಸುಮಾರು 6 ಮಿ.ಮೀ. ಒಳಗೆ ಬಿದ್ದಿತ್ತು. ಪಿನ್ನಿನಿಂದ ಆಚೆ ಹಾಳೆ ತೆರೆಯುವುದೇ ಇಲ್ಲ. ಉಳಿದ 6 ಮಿ.ಮೀ. ಹಾಳೆ ಬಾಗುವಲ್ಲಿ ಮುಚ್ಚಿಹೋಯಿತು. ಸಾಮಾನ್ಯವಾಗಿ ಇಂಥ ತಪ್ಪು ಪುಟಸಂಖ್ಯೆಯಿಂದ ಬೇಗ ಕಾಣುತ್ತದೆ. ಹೊರಮೂಲೆಯಲ್ಲಿರಬೇಕಾದ ಅಂಕಿ ಬೆನ್ನಿನ ಮೂಲೆಗೆ ಬಂದಿರುತ್ತದೆ. ಈ ಪುಸ್ತಕದಲ್ಲಿ ಅಂಕಿಯನ್ನು ಕೆಳಗೆ ನಡುವೆ ಇಟ್ಟಿದ್ದರಿಂದ ಆ ಸುಳಿವೂ ಸಿಗಲಿಲ್ಲ.

ಈಗ ಗಮನಿಸಬೇಕಾದ ಸಂಗತಿ ಇದು. ಕೊನೆಗೆ ಸೇರಿಸಿದ ಆ ಒಂದು ಖಾಲಿ ಪುಟವನ್ನು ಏಳನೆಯ ಪುಟದ ನಂತರ, ಎಂದರೆ ಎಂಟನೆಯ ಪುಟವಾಗಿ ಇಟ್ಟಿದ್ದರೆ ಲೇಖನ ಭಾಗ ಕಾಗದದ ಒಂಬತ್ತನೆಯ ಪುಟದಲ್ಲಿ, ಬಲಬದಿಗೆ ಆರಂಭವಾಗುತ್ತಿತ್ತು. ಎಂಟು ಮತ್ತು 132 ಸೇರಿ ಆಗಲೂ 140 ಪುಟವೇ. ಕಾಗದ ಅಷ್ಟೇ, ಖರ್ಚು ಅಷ್ಟೇ, ಖಾಲಿ ಪುಟ ಒಂದೇ. ಬದಲಾಗಬೇಕಾಗಿದ್ದುದು ಅದರ ಸ್ಥಾನ ಮಾತ್ರ. ನಾಲ್ಕರಿಂದ ಭಾಗವಾಗುವುದು ಮುದ್ರಣಾಲಯಕ್ಕೆ ಬೇಕಾದ ಲೆಕ್ಕ. ಪ್ರತಿಯೊಂದು ಪುಟವೂ ತನ್ನ ಬದಿಗೆ ಬರುವುದು ಓದುಗನಿಗೆ ಬೇಕಾದ ಲೆಕ್ಕ. ಮೊದಲನೆಯದು ಸರಿಯಾದರೆ ಎರಡನೆಯದೂ ಸರಿಯಾಗಿರುತ್ತದೆಂದು ನಾವು ನಂಬಿದೆವು. ತಪ್ಪಿದ್ದು ಅಲ್ಲಿ.

‘ಇದೆಲ್ಲ ಡಿಟಿಪಿ ಮಾಡುವವರ ಕೆಲಸ, ಸಾಹಿತ್ಯದ ವಿದ್ಯಾರ್ಥಿಗಳಿಗೇಕೆ?’ ಎಂದು ನಮ್ಮ ಸಹೋದ್ಯೋಗಿಗಳು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಗ್ರಂಥ ಸಂಪಾದನೆಯ ಪತ್ರಿಕೆಯಲ್ಲಿ ನೀವು ಓಲೆಗರಿಯ ಬಗ್ಗೆ ಓದಿದ್ದೀರಿ. ದಾರ ಪೋಣಿಸುವ ರಂಧ್ರದ ಸುತ್ತ ಲಿಪಿಕಾರನು ಅಕ್ಷರ ಕೊರೆಯದೆ ಜಾಗ ಬಿಡುತ್ತಿದ್ದನು. ದಾರ ಉಜ್ಜಿದರೂ ಪಾಠ ಕೆಡಬಾರದೆಂಬುದು ಅವನಿಗೆ ತಿಳಿದಿತ್ತು. ಕಟ್ಟುವ ದಾರಕ್ಕೆ ಜಾಗ ಬಿಡುವುದು ಬರೆಯುವವನ ಕೆಲಸವೇ ಆಗಿತ್ತು, ಕಟ್ಟುವವನದಾಗಿರಲಿಲ್ಲ. ಗರಿಯ ಅಂಚು ಮುರಿದು ಅಕ್ಷರ ಹೋದಲ್ಲಿ ಸಂಪಾದಕರು ‘ಗ್ರಂಥಪಾತ’ ಎಂದು ಗುರುತಿಸುತ್ತಾರೆ. ಕಾಲವೂ ಹುಳುವೂ ಮಾಡಿದ ಗ್ರಂಥಪಾತಕ್ಕೆ ನಾವು ಮರುಗುತ್ತೇವೆ. ಬಿಡುಗಡೆಯ ದಿನವೇ ನಮ್ಮ ಕೈಯಿಂದ 132 ಪುಟಗಳಲ್ಲಿ ಗ್ರಂಥಪಾತವಾದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಸ್ವಂತವಾಗಿ ಪ್ರಕಟಿಸುವವನಿಗೆ ಪ್ರಕಾಶಕನೂ ಸಂಪಾದಕನೂ ಬೇರೆ ಇರುವುದಿಲ್ಲ. ಮುದ್ರಣಾಲಯದವರು ಕೊಟ್ಟ ಪಿಡಿಎಫ್ ಅನ್ನು ಕೊಟ್ಟಂತೆ ಅಚ್ಚು ಹಾಕುತ್ತಾರೆ. ಕನ್ನಡ ಓದಲು ಬಾರದ ಕೆಲಸಗಾರರಿರುವ ನಮ್ಮ ಕಡೆಯ ಮುದ್ರಣಾಲಯಗಳಲ್ಲಿ ಸಾಲಿನ ಮೊದಲಕ್ಷರ ಹೋಗಿದೆಯೆಂದು ಗುರುತಿಸುವವರೂ ಇರುವುದಿಲ್ಲ. ಆದ್ದರಿಂದ ಈ ಲೆಕ್ಕ ಬರೆಯುವವನ ಕೈಯಲ್ಲಿಯೇ ಮುಗಿಯಬೇಕು.

ನಾಲ್ಕೇ ಏಕೆ ಎಂಬುದನ್ನು ಬಾಯಿಪಾಠ ಮಾಡಬೇಡಿರಿ, ಕಾಗದ ಮಡಚಿ ನೋಡಿರಿ. ಒಂದು ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಮೂರು ಪುಟದ ಹಾಳೆ ಎಂಬುದಿಲ್ಲ. ನಾಲ್ಕು ಹಾಳೆಗಳನ್ನು ಮಡಚಿ ಒಂದರೊಳಗೊಂದು ಸೇರಿಸಿದರೆ ಹದಿನಾರು ಪುಟದ ಚಿಕ್ಕ ಪುಸ್ತಕ. ಪುಟಗಳಿಗೆ ಕ್ರಮವಾಗಿ ಅಂಕಿ ಹಾಕಿ ಹಾಳೆಗಳನ್ನು ಬಿಡಿಸಿರಿ. ಹೊರಗಿನ ಹಾಳೆಯ ಒಂದು ಮುಖದಲ್ಲಿ 16 ಮತ್ತು 1, ಅದರ ಹಿಂದೆ 2 ಮತ್ತು 15 ಕಾಣುತ್ತವೆ. ಜೊತೆಯ ಎರಡು ಪುಟಗಳನ್ನು ಕೂಡಿಸಿದರೆ ಯಾವಾಗಲೂ 17. ನಡುವೆ ಪಿನ್ನು ಹೊಡೆಯುವ ಚಿಕ್ಕ ಪುಸ್ತಕಗಳಿಗೆ ನಾಲ್ಕರ ಲೆಕ್ಕ ಮೀರಲಾಗದ ನಿಯಮ. ಹದಿನಾಲ್ಕು ಪುಟ ಕೊಟ್ಟರೆ ಎರಡು ಪುಟ ಖಾಲಿ ಉಳಿದೇ ಉಳಿಯುತ್ತವೆ, ಅವು ಎಲ್ಲಿ ಉಳಿಯಬೇಕೆಂಬುದನ್ನು ನೀವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ.

ಬೆನ್ನಿಗೆ ಅಂಟು ಹಾಕುವ ದಪ್ಪ ಪುಸ್ತಕಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಬಿಡಿ ಹಾಳೆಗಳನ್ನೇ ಜೋಡಿಸಿ ಅಂಟಿಸುವುದಾದರೆ ಪುಟಸಂಖ್ಯೆ ಎರಡರಿಂದ ಭಾಗವಾದರೆ ಸಾಕು. ಆದರೆ ದೊಡ್ಡ ಹಾಳೆಯ ಮೇಲೆ ಎಂಟೋ ಹದಿನಾರೋ ಪುಟಗಳನ್ನು ಒಟ್ಟಿಗೆ ಅಚ್ಚು ಹಾಕಿ ಮಡಚುವ ಆಫ್‌ಸೆಟ್ ಮುದ್ರಣದಲ್ಲಿ ಲೆಕ್ಕ ‘ಫಾರಂ’ಗಳಲ್ಲಿ ನಡೆಯುತ್ತದೆ. ನೂರಾ ನಲವತ್ತನ್ನು ಹದಿನಾರರಿಂದ ಭಾಗಿಸಿದರೆ ಎಂಟು ಫಾರಂ ಮುಗಿದು ಹನ್ನೆರಡು ಪುಟ ಉಳಿಯುತ್ತವೆ. ಆ ಹನ್ನೆರಡಕ್ಕಾಗಿ ಎಂಟರದೊಂದು, ನಾಲ್ಕರದೊಂದು ತುಂಡು ಫಾರಂ ಬೇಕು. ಅದಕ್ಕಿಂತ 144 ಪುಟ ಮಾಡಿ ಒಂಬತ್ತು ಫಾರಂ ಪೂರ್ಣಗೊಳಿಸುವುದು ಎಷ್ಟೋ ಸಲ ಅಗ್ಗವಾಗುತ್ತದೆ. ಆದ್ದರಿಂದ ‘ನಾಲ್ಕರಿಂದಲೋ, ಎಂಟರಿಂದಲೋ, ಹದಿನಾರರಿಂದಲೋ?’ ಎಂಬ ಪ್ರಶ್ನೆಯನ್ನು ಅಕ್ಷರ ಜೋಡಿಸುವ ಮೊದಲೇ ಮುದ್ರಣಾಲಯದವರಿಗೆ ಕೇಳಬೇಕು. ‘ಯಾವ ಕಟ್ಟು?’ ಎಂಬ ಪ್ರಶ್ನೆಯೂ ಅದರ ಜೊತೆಗೇ ಇರಲಿ.

ಏಕೆಂದರೆ ಒಳ ಅಂಚು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಕಟ್ಟು. ನಡುಪಿನ್ನಿನ ಚಿಕ್ಕ ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ, ಅಲ್ಲಿ ಒಳ ಅಂಚು ಹೊರ ಅಂಚಿನಷ್ಟೇ ಇದ್ದರೂ ನಡೆಯುತ್ತದೆ. ಅಂಟಿನ ಕಟ್ಟಿನಲ್ಲಿ ಅಂಟು ಹಿಡಿಯಲೆಂದು ಬೆನ್ನನ್ನು ಕೆರೆಯುವಾಗ ಎರಡು ಮೂರು ಮಿ.ಮೀ. ಹೋಗುತ್ತದೆ, ಹಾಳೆ ಬಾಗುವಲ್ಲಿ ಇನ್ನಷ್ಟು ಮರೆಯಾಗುತ್ತದೆ. ಪಕ್ಕದ ಪಿನ್ನಿನ ಕಟ್ಟು ಎಲ್ಲಕ್ಕಿಂತ ಹೆಚ್ಚು ನುಂಗುತ್ತದೆ. ಪುಸ್ತಕ ದಪ್ಪವಾದಷ್ಟೂ ಅದು ತೆರೆಯುವುದು ಕಷ್ಟ, ಆದ್ದರಿಂದ ಒಳ ಅಂಚೂ ಹೆಚ್ಚಬೇಕು. ಅಮೆಜಾನ್‌ನ ಕೆಡಿಪಿ ಎಂಬ ಸ್ವಯಂಪ್ರಕಟಣೆಯ ವ್ಯವಸ್ಥೆ ಅಂಟಿನ ಕಟ್ಟಿನ ಪುಸ್ತಕಗಳಿಗೆ ಕೊಡುವ ಕೋಷ್ಟಕದಲ್ಲಿ 150 ಪುಟದವರೆಗೆ 9.6 ಮಿ.ಮೀ., 300 ಪುಟದವರೆಗೆ 12.7 ಮಿ.ಮೀ., 500 ಪುಟದವರೆಗೆ 15.9 ಮಿ.ಮೀ. ಒಳ ಅಂಚು ಇರಲೇಬೇಕೆಂದಿದೆ. ಇವು ಇದಕ್ಕಿಂತ ಕಡಿಮೆ ಮಾಡಬಾರದೆಂಬ ಮಿತಿಗಳೇ ಹೊರತು ಇಷ್ಟಿದ್ದರೆ ಓದಲು ಹಿತವೆಂಬ ಅಳತೆಗಳಲ್ಲ. ಪಕ್ಕದ ಪಿನ್ನಿಗಂತೂ ಅವು ಸಾಲವು. ನಿಮಗೆ ಬೇಕಾದ ಅಳತೆಯನ್ನು ವಾಚನಾಲಯದಲ್ಲಿಯೇ ಕಂಡುಕೊಳ್ಳಬಹುದು. ನಿಮ್ಮ ಪುಸ್ತಕದಷ್ಟೇ ಪುಟಗಳಿರುವ, ಅದೇ ಬಗೆಯ ಕಟ್ಟಿನ ಪುಸ್ತಕವೊಂದನ್ನು ತೆಗೆದುಕೊಂಡು ನಡುವೆ ತೆರೆದು, ಒತ್ತದೆ, ಒಂದು ಕೈಯಲ್ಲಿ ಹಿಡಿಯಿರಿ. ಅಕ್ಷರದ ಸಾಲಿನಿಂದ ಹಾಳೆ ಕಣ್ಮರೆಯಾಗುವ ಗೆರೆಯವರೆಗೆ ಅಳತೆಪಟ್ಟಿ ಇಡಿರಿ. ಕನಿಷ್ಠ ಹತ್ತು ಮಿಲಿಮೀಟರ್ ಬಿಳಿ ಕಾಣುತ್ತಿದ್ದರೆ ಆ ಪುಸ್ತಕದ ಅಂಚು ನಿಮಗೂ ಸರಿ.

ಇನ್ನು ಖರ್ಚಿನ ಆಕ್ಷೇಪಣೆ. ‘ಒಳ ಅಂಚು ಹೆಚ್ಚಿಸಿದರೆ ಪುಟ ಹೆಚ್ಚುತ್ತದೆ, ಪುಟ ಹೆಚ್ಚಿದರೆ ಹಣ ಹೆಚ್ಚುತ್ತದೆ’ ಎಂಬ ಮಾತು ಸುಳ್ಳಲ್ಲ. ಅದೇ ಪುಸ್ತಕದ ಎರಡನೆಯ ಮುದ್ರಣಕ್ಕೆ ನಾವು ಕುಳಿತಾಗ ಈ ಲೆಕ್ಕವನ್ನೇ ಮಾಡಬೇಕಾಯಿತು. ಪಕ್ಕದ ಪಿನ್ನನ್ನು ಬಿಡುವಷ್ಟು ಹಣವಿರಲಿಲ್ಲ. ಆದ್ದರಿಂದ ಒಳ ಅಂಚನ್ನು 21 ಮಿ.ಮೀ.ಗೆ ಏರಿಸಿ, ಹೊರ ಅಂಚನ್ನು ಬೆರಳಿಗೆ ಹಿಡಿತ ಸಿಗುವಂತೆ 14 ಮಾಡಿ, ಸಾಲನ್ನು 105ಕ್ಕೆ ಇಳಿಸಿದೆವು. ಪುಟಕ್ಕೆ 30 ಸಾಲಿನಂತೆ ಮೊದಲು 132 ಪುಟಗಳಲ್ಲಿ 3960 ಸಾಲುಗಳಿದ್ದವು. ಸಾಲು ಕಿರಿದಾದ್ದರಿಂದ ಅವು ಸುಮಾರು 4150 ಆಗುವುವು. ಮೂವತ್ತರಂತೆ ಹಂಚಿದರೆ 139 ಪುಟ, ಮೊದಲ ಭಾಗದ ಎಂಟು ಸೇರಿ 147, ನಾಲ್ಕರ ಲೆಕ್ಕಕ್ಕೆ 148. ಒಂಬತ್ತು ಫಾರಂ ಮುಗಿದ ಮೇಲೆ ನಾಲ್ಕು ಪುಟದ ಒಂದು ತುಂಡು.

ಇಲ್ಲಿಯೇ ಎಲ್ಲರ ಕೈ ಒಳ ಅಂಚಿನ ಕಡೆಗೆ ಹೋಗುತ್ತದೆ. ಎರಡು ಮಿಲಿಮೀಟರ್ ಅಲ್ಲಿಂದ ಕದ್ದರೆ ಆಯಿತಲ್ಲ ಎನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ದುಬಾರಿಯಾದ ಉಳಿತಾಯ ಬೇರೆ ಇಲ್ಲ. ಅಕ್ಷರಗಳನ್ನು ಚಿಕ್ಕದು ಮಾಡುವುದೂ ಸಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನು ಕಡಿಮೆ ಮಾಡಿದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ನಾವು ಕೈ ಹಾಕಿದ್ದು ಕೆಳ ಅಂಚಿಗೆ. ಪುಟದ ಎತ್ತರ 216 ಮಿ.ಮೀ. ಸಾಲೊಂದಕ್ಕೆ ಸುಮಾರು 5.6 ಮಿ.ಮೀ.ನಂತೆ ಮೂವತ್ತು ಸಾಲಿಗೆ 169 ಆಗಿ, ಮೇಲೂ ಕೆಳಗೂ ಕೂಡಿ 47 ಉಳಿದಿತ್ತು. ಒಂದು ಸಾಲು ಹೆಚ್ಚಿಸಿದರೆ 41 ಉಳಿಯುತ್ತದೆ. ಮೇಲೆ 18, ಕೆಳಗೆ 23 ಎಂದರೆ ಅದು ಇನ್ನೂ ಧಾರಾಳವೇ. ಪುಟಕ್ಕೆ 31 ಸಾಲಾದಾಗ 4150 ಸಾಲುಗಳು 134 ಪುಟಗಳಲ್ಲಿ ಹಿಡಿದವು. ಎಂಟು ಸೇರಿ 142, ಕೊನೆಗೆ ಎರಡು ಖಾಲಿ ಬಿಟ್ಟು 144. ಸರಿಯಾಗಿ ಒಂಬತ್ತು ಫಾರಂ. ಮೇಲೆ ಕೆಳಗೆ ಹಾಳೆ ಬಾಗುವುದಿಲ್ಲ, ಅಲ್ಲಿ ಪಿನ್ನಿಲ್ಲ, ಅಂಟಿಲ್ಲ. ಮಿತವ್ಯಯ ಮಾಡಬೇಕಾದರೆ ಅಲ್ಲಿ ಮಾಡಬೇಕು.

ಉಳಿದ ಎರಡು ಖಾಲಿ ಪುಟಗಳನ್ನು ನೋಡಿ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಸಮಾಧಾನವಾಗಲಿಲ್ಲ. ಹಣ ಕೊಟ್ಟ ಕಾಗದ ಬರಿದಾಗಿ ಹೋಗುವುದಲ್ಲ ಎಂದರು. ತಮ್ಮ ಹಳೆಯ ಕವಿತೆಯೊಂದನ್ನು ತುಂಬಲು ಮುಂದಾದರು. ನಾನು ಬೇಡವೆಂದೆ. ಪದಕೋಶದ ಪುಸ್ತಕದ ಕೊನೆಗೆ ಖಾಲಿ ಪುಟವಿದ್ದರೆ ಓದುಗನು ತಾನು ಕೇಳಿದ ಪದವೊಂದನ್ನು ಬರೆದುಕೊಳ್ಳಬಹುದು. ‘ನಿಮ್ಮ ಊರಿನ ಪದಗಳಿಗೆ’ ಎಂಬ ಚಿಕ್ಕ ತಲೆಬರಹ ಹಾಕಿ ಹಾಗೆಯೇ ಬಿಟ್ಟೆವು. ಖಾಲಿ ಪುಟ ಅವಮಾನವಲ್ಲ. ಸ್ಥಾನ ತಪ್ಪಿದ ಖಾಲಿ ಪುಟ ಮಾತ್ರ ಅವಮಾನ.

ಗಣಕದಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ವರ್ಡ್‌ನಲ್ಲಿ ಮೊದಲು ಪುಟದ ಅಳತೆಯನ್ನು ಪುಸ್ತಕದ್ದೇ ಅಳತೆಗೆ, ಎಂದರೆ 14 ಸೆ.ಮೀ. ಮತ್ತು 21.6 ಸೆ.ಮೀ.ಗೆ ಇಡಬೇಕು. ಎ-4 ಹಾಳೆಯಲ್ಲಿ ಜೋಡಿಸಿ ಆಮೇಲೆ ಕುಗ್ಗಿಸಿದರೆ ಅಂಚುಗಳೂ ಅಕ್ಷರಗಳೂ ಕುಗ್ಗುತ್ತವೆ, ಮಾಡಿದ ಲೆಕ್ಕವೆಲ್ಲ ವ್ಯರ್ಥ. ನಂತರ Layout, Margins, Custom Margins ಎಂದು ಹೋಗಿ, Multiple pages ಎಂಬಲ್ಲಿ Mirror margins ಆರಿಸಿರಿ. ಆರಿಸಿದೊಡನೆ Left, Right ಎಂಬ ಹೆಸರುಗಳು ಮಾಯವಾಗಿ Inside, Outside ಎಂದಾಗುತ್ತವೆ. ಹಾಗಾಗದಿದ್ದರೆ ಕನ್ನಡಿ ಅಂಚು ಬಂದಿಲ್ಲವೆಂದೇ ತಿಳಿಯಿರಿ. ಅಲ್ಲಿಯೇ ಇರುವ Gutter ಎಂಬ ಚೌಕದಲ್ಲಿ ಹಾಕಿದ ಅಳತೆ Inside ಅಳತೆಗೆ ಕೂಡುತ್ತದೆ. ಒಟ್ಟು 2.1 ಸೆ.ಮೀ. ಬೇಕಾದರೆ Inside 2.1, Gutter 0 ಎಂದಿಡಿರಿ, ಇಲ್ಲವೆ 1.5 ಮತ್ತು 0.6 ಎಂದು ಹಂಚಿರಿ. ಎರಡು ಕಡೆಯೂ ಪೂರ್ತಿ ಹಾಕಿದರೆ ಸಾಲು ಕಾರಣವಿಲ್ಲದೆ ಕಿರಿದಾಗುತ್ತದೆ.

ಮುನ್ನುಡಿಯೂ ಲೇಖನಗಳೂ ಒಂದೇ ಕಡತದಲ್ಲಿರಲಿ. ಮುನ್ನುಡಿ ತಡವಾಗುವುದು ಕನ್ನಡದಲ್ಲಿ ಹೊಸತಲ್ಲ. ಅದು ಬಂದಾಗ ಎರಡು ಪುಟವಾದೀತು, ಐದಾದೀತು. ಬಂದ ಮೇಲೆ ಮೊದಲ ಭಾಗದ ಪುಟಗಳನ್ನು ಎಣಿಸಿರಿ. ಬೆಸಸಂಖ್ಯೆಯಾದರೆ ಅಲ್ಲಿಯೇ ಒಂದು ಖಾಲಿ ಪುಟ ಸೇರಿಸಿರಿ, ಪುಸ್ತಕದ ಕೊನೆಗಲ್ಲ. ನಮ್ಮ ಪುಸ್ತಕಗಳ ಮುದ್ರಣ ವಿವರದಲ್ಲಿ ‘ಪುಟಗಳು: 8+136’ ಎಂಬ ರೀತಿಯ ನಮೂದನ್ನು ನೀವು ಕಂಡಿರುತ್ತೀರಿ. ಆ ಕೂಡು ಚಿಹ್ನೆಯ ಎಡಗಡೆಯ ಸಂಖ್ಯೆ ಎಂದೂ ಬೆಸವಾಗಬಾರದೆಂಬುದನ್ನು ನೆನಪಿಟ್ಟರೆ ಸಾಕು.

ಕಡೆಯ ಪರೀಕ್ಷೆಯನ್ನು ವರ್ಡ್‌ನಲ್ಲಿ ಅಲ್ಲ, ಮುದ್ರಣಾಲಯಕ್ಕೆ ಕಳಿಸುವ ಪಿಡಿಎಫ್‌ನಲ್ಲಿಯೇ ಮಾಡಬೇಕು. ಅಕ್ರೋಬ್ಯಾಟ್ ರೀಡರಿನಲ್ಲಿ Two Page View ಮತ್ತು Show Cover Page in Two Page View ಎಂಬ ಎರಡನ್ನೂ ಆರಿಸಿರಿ. ಎರಡನೆಯದನ್ನು ಮರೆತರೆ ಒಂದು ಮತ್ತು ಎರಡನೆಯ ಪುಟಗಳು ಜೊತೆಯಾಗಿ ಕಂಡು, ಸರಿಯಾದದ್ದೂ ತಪ್ಪಾಗಿ ತೋರುತ್ತದೆ. ಈಗ ಮೊದಲ ಪುಟ ಬಲಕ್ಕೆ ಒಂಟಿಯಾಗಿ ನಿಲ್ಲುತ್ತದೆ, ಉಳಿದವು ತೆರೆದ ಪುಸ್ತಕದಂತೆ ಜೋಡಿಯಾಗಿ ಕಾಣುತ್ತವೆ. ಹಿರಿದಾದ ಅಂಚುಗಳು ನಡುವೆ ಕೂಡಬೇಕು. ಲೇಖನ ಭಾಗದ ಒಂದನೆಯ ಪುಟ ಬಲಕ್ಕಿರಬೇಕು. ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಮೂರು ಕಡೆ ನೋಡಿದರೆ ಮೂರು ನಿಮಿಷದ ಕೆಲಸ. ಆ ಮೂರು ನಿಮಿಷ ನಾವು ಕೊಟ್ಟಿರಲಿಲ್ಲ. ಹೊದಿಕೆಯ ಬೆನ್ನಿನ ಅಗಲವನ್ನು ಇದೆಲ್ಲ ಮುಗಿದ ಮೇಲೆಯೇ ಲೆಕ್ಕ ಹಾಕಬೇಕು. ಪುಟಸಂಖ್ಯೆ ಬದಲಾದರೆ ಅದೂ ಬದಲಾಗುತ್ತದೆ. ಫೋನಿನಲ್ಲಿ ಓದಲು ಹಂಚುವ ಪಿಡಿಎಫ್ ಬೇರೆ ಇರಲಿ. ಅಲ್ಲಿ ಕಟ್ಟು ಇಲ್ಲದ್ದರಿಂದ ಎರಡೂ ಅಂಚು ಸಮವಾಗಿರುವುದೇ ಒಳ್ಳೆಯದು, ಇಲ್ಲವಾದರೆ ಒಂದೊಂದು ಪುಟಕ್ಕೂ ಸಾಲು ಅತ್ತಿತ್ತ ಜರುಗಿದಂತೆ ತೋರುತ್ತದೆ.

ಮೊದಲ ಮುದ್ರಣದ ಪ್ರತಿಗಳಲ್ಲಿ ಕೆಲವು ಇನ್ನೂ ನಮ್ಮ ವಿಭಾಗದ ಕಪಾಟಿನಲ್ಲಿವೆ. ಎರಡನೆಯ ಮುದ್ರಣ ಬರುವಷ್ಟರಲ್ಲಿ ಆ ಪದಗಳನ್ನು ಹೇಳಿದ್ದ ಇಬ್ಬರು ಮುದುಕಿಯರು ತೀರಿಕೊಂಡಿದ್ದರು. ಲೇಖಕರ ಬಳಿ ಕೈಬರಹದ ವಹಿ ಉಳಿದಿದ್ದರಿಂದ ಪದಗಳ ಮೊದಲಕ್ಷರಗಳು ಮರಳಿ ಸಿಕ್ಕವು. ವಹಿ ಇಲ್ಲದಿದ್ದರೆ ಕೇಳಲು ಯಾರೂ ಉಳಿದಿರಲಿಲ್ಲ. ಈ ವರ್ಷ ನಿಮ್ಮ ಕಿರುಪ್ರಬಂಧಗಳನ್ನು ಪುಸ್ತಕ ರೂಪದಲ್ಲಿ ಕೊಡುವವರಿದ್ದೀರಿ. ಅವುಗಳ ಪಿಡಿಎಫ್ ಅನ್ನು ಎರಡು ಪುಟ ಜೋಡಿಯಾಗಿ ಕಾಣುವಂತೆ ತೆರೆದು ನನಗೆ ತೋರಿಸಿದ ಮೇಲೆಯೇ ಮುದ್ರಣಕ್ಕೆ ಒಯ್ಯಿರಿ. ವ್ಯಾಕರಣದ ತಪ್ಪನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಒಳ ಅಂಚನ್ನು.